ಹನ್ನೊಂದನೇ ಪುಟದ ಕಮಿಷನ್

ಲೋರ್ನಾ ಕಿವೆಲಾಗೆ ಡುಲೂತ್ ಊರಿನ ಮನೆಗಳು ಬೀದಿಯ ಹೆಸರಿನಿಂದ ಗೊತ್ತಿಲ್ಲ, ಪಿಯಾನೊದಿಂದ ಗೊತ್ತು. ಯಾರಾದರೂ ಮದುವೆ ಊಟದಲ್ಲಿ ಪಕ್ಕಕ್ಕೆ ಕೂತು ತಮ್ಮ ಹೆಸರು ಹೇಳಿದರೆ ಅವಳು ಒಂದು ಕ್ಷಣ ಕಣ್ಣು ಮುಚ್ಚಿ, ‘ಓ, ಕಿಟಕಿ ಪಕ್ಕದ ಕಪ್ಪು ಪಿಯಾನೊ! ಕೆಳಗಿನ ಪೆಡಲ್ ಕಿರ್ ಅನ್ನುತ್ತಲ್ಲಾ?’ ಅನ್ನುತ್ತಾಳೆ. ಅವರ ಮಕ್ಕಳ ಹೆಸರು ನೆನಪಿರುವುದಿಲ್ಲ, ನಾಯಿಯ ಹೆಸರು ಮಾತ್ರ ಇರುತ್ತದೆ, ಯಾಕೆಂದರೆ ನಾಯಿ ಕೆಲಸದ ಹೊತ್ತಿನಲ್ಲಿ ಕಾಲ ಬಳಿ ಬಂದು ಮಲಗುತ್ತದೆ, ಮಕ್ಕಳು ಬರುವುದಿಲ್ಲ.

ಹತ್ತೊಂಬತ್ತನೇ ವಯಸ್ಸಿಗೆ ಈ ಕೆಲಸಕ್ಕೆ ಬಿದ್ದವಳು, ಈಗ ಅರವತ್ತೊಂದು. ನಲವತ್ತೆರಡು ವರ್ಷ ಜನರ ಮನೆಗಳಲ್ಲಿ ಬಗ್ಗಿ ನಿಂತು ತಂತಿ ಬಿಗಿಮಾಡಿ, ಸಡಿಲಮಾಡಿ, ಶ್ರುತಿ ಕೂಡಿಸಿ, ಕೊಟ್ಟ ಕಾಫಿ ಕುಡಿದು, ಹಳೇ ವ್ಯಾನು ಹತ್ತಿ ಮುಂದಿನ ಮನೆಗೆ. ಚಳಿಗಾಲದಲ್ಲಿ ಮನೆಯ ಹೀಟರ್ ಗಾಳಿಯ ಪಸೆ ಹೀರಿ ಪಿಯಾನೊದ ಶ್ರುತಿ ಇಳಿಯುತ್ತದೆ, ಬೇಸಿಗೆಯಲ್ಲಿ ಊರ ಪಕ್ಕದ ಸರೋವರದ ತೇವಕ್ಕೆ ಮರ ಉಬ್ಬಿ ಶ್ರುತಿ ಏರುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಸಲ ಕೂಡಿಸಬೇಕು. ಜನ ಮರೆಯುತ್ತಾರೆ. ಲೋರ್ನಾ ಮರೆಯುವುದಿಲ್ಲ. ಅವಳ ಹತ್ತಿರ ಇನ್ನೂರೈವತ್ತು ಪಿಯಾನೊಗಳ ಕಾರ್ಡುಗಳಿವೆ. ಯಾವಾಗ ಮಾಡಿದ್ದು, ಯಾವ ತಂತಿ ಹರಿದಿತ್ತು, ಮುಂದಿನ ಸಲ ಯಾವಾಗ ಎಂಬುದೆಲ್ಲ ಅದರಲ್ಲಿ. ಆರು ತಿಂಗಳಾದರೆ ತಾನೇ ಫೋನು ಮಾಡುತ್ತಾಳೆ.

ಈ ಕಾರ್ಡುಗಳನ್ನು ನೋಡಿ ಮೊದಲು ಕುಣಿದಾಡಿದವಳು ಟೆಸ್ ಮಾರೊಲ್ಟ್. ಚರ್ಚಿನ ಹಾಡುಗುಂಪಿನಲ್ಲಿ ಇಪ್ಪತ್ತು ವರ್ಷ ಲೋರ್ನಾಳ ಪಕ್ಕದಲ್ಲೇ ನಿಂತು ಹಾಡಿದವಳು, ಆಸ್ಪತ್ರೆಯ ಬಿಲ್ ವಿಭಾಗದಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು, ಮಾತಿಗೆ ನಿಂತರೆ ಎದುರಿನವರಿಗೆ ಉಸಿರಾಡಲೂ ಬಿಡದವಳು.

“ಲೋರ್ನಾ, ಇದು ಬರೀ ಕಾರ್ಡಿನ ಡಬ್ಬಿ ಅಲ್ಲ ಕಣೇ, ಇದು ವ್ಯಾಪಾರ! ಇದನ್ನ ಫೋನಿಗೆ ಹಾಕಿ ನಿನ್ನ ಹಾಗೆ ಶ್ರುತಿ ಕೂಡಿಸೋ ಎಲ್ಲಾ ಟ್ಯೂನರ್‌ಗಳಿಗೂ ಕೊಡೋಣ. ಗಿರಾಕಿಗೆ ತಾನೇ ನೆನಪು ಮಾಡುತ್ತೆ, ದಿನ ಗೊತ್ತು ಮಾಡುತ್ತೆ, ಹೊಸಬ್ರಿಗೆ ಹತ್ತಿರದ ಟ್ಯೂನರ್‌ನ ತೋರಿಸುತ್ತೆ. ನೀನು ತಲೆ, ನಾನು ಕೈ.”

“ನನ್ನ ತಲೇಲಿ ನಾಯಿ ಹೆಸರು ಬಿಟ್ರೆ ಏನಿದೆಯೇ?” ಎಂದು ಲೋರ್ನಾ ನಕ್ಕಿದ್ದಳು.

ಆದರೆ ನಗುವ ವಿಷಯವಲ್ಲದ್ದೊಂದು ಅವಳಿಗೆ ಆಗಲೇ ಶುರುವಾಗಿತ್ತು. ಪಿಯಾನೊದ ಬಲತುದಿಯ ಕೊನೆಯ ಕೆಲವು ಕೀಲಿಗಳನ್ನು ಒತ್ತಿದರೆ ಅವಳಿಗೆ ಮರದ ಟಕ್ ಎನ್ನುವ ಸದ್ದಷ್ಟೇ ಕೇಳುತ್ತಿತ್ತು, ಸ್ವರ ಕೇಳುತ್ತಿರಲಿಲ್ಲ. ಇನ್ನೆರಡು ವರ್ಷ, ಹೆಚ್ಚೆಂದರೆ ಮೂರು. ಆಮೇಲೆ ಅವಳು ಯಾರು? ಈ ಕೆಲಸ ಬಿಟ್ಟರೆ ಅವಳಿಗೆ ಬೇರೆ ಜನವೇ ಇರಲಿಲ್ಲ. ಇದನ್ನು ಅವಳು ಭೂಮಿಯ ಮೇಲೆ ಒಬ್ಬಳಿಗೇ ಹೇಳಿದ್ದು. ಹಾಡು ಮುಗಿಸಿ ಹೊರಬಂದು ಟೆಸ್‌ಳ ಕಾರಿನಲ್ಲಿ ಕೂತಾಗ, ಸೀಟ್‌ಬೆಲ್ಟ್ ಹಿಡಿದುಕೊಂಡೇ ಹೇಳಿದ್ದಳು. ಟೆಸ್ ಅವಳ ಕೈ ಹಿಡಿದು ಅತ್ತಿದ್ದಳು. ನಿಜವಾಗಿಯೂ ಅತ್ತಿದ್ದಳು.

ಹೀಗೆ ಇಬ್ಬರೂ ಲೈಬ್ರರಿಯ ಮೇಲಂತಸ್ತಿನಲ್ಲಿ ಶನಿವಾರದ ತರಗತಿಗೆ ಸೇರಿದರು. ಸಣ್ಣ ವ್ಯಾಪಾರಕ್ಕೆ ಜಿಲ್ಲೆಯ ನಿಧಿಯಿಂದ ಸಾಲ ಬೇಕಾದವರು ಅಲ್ಲಿ ಯೋಜನೆ ಬರೆಯುವುದನ್ನು ಕಲಿಯಬೇಕಿತ್ತು. ಕಲಿಸುವವರು ಹಾರ್ಲನ್ ಬೆಕೆಟ್, ಮೂವತ್ತು ವರ್ಷ ಕಬ್ಬಿಣದ ಸಾಮಾನಿನ ಅಂಗಡಿ ನಡೆಸಿ ದಣಿದವರು.

“ನೋಡಿ, ನಿಮ್ಮ ದುಡ್ಡು ಯಾರ ಜೇಬಿಂದ, ಯಾವಾಗ, ಯಾಕೆ ಬರುತ್ತೆ ಅಂತ ಒಂದು ಪುಟದಲ್ಲಿ ಹೇಳಕ್ಕಾಗ್ದೇ ಇದ್ರೆ ಮಿಕ್ಕ ಮೂವತ್ತು ಪುಟ ಬರೀಲೇಬೇಡಿ, ಕಾಗದ ದಂಡ,” ಎಂದರು ಹಾರ್ಲನ್. “ನಿಮಗೆ ಮೂರು ದಾರಿ ಇದೆ. ಒಂದೇ ಸಲ ಮಾರಿಬಿಡೋದು. ತಿಂಗಳ ಚಂದಾ. ಇಲ್ಲಾಂದ್ರೆ ಒಂದೊಂದು ಕೆಲಸಕ್ಕೂ ಕಮಿಷನ್. ಯಾವುದು?”

“ಮಾರಿಬಿಡೋಣ!” ಎಂದಳು ಲೋರ್ನಾ. “ನಾನೂರು ಡಾಲರ್ ಕೊಡಿ, ತಗೊಳ್ಳಿ, ಮುಗೀತು.”

“ನಿಮ್ಮ ಕಡೆ ಟ್ಯೂನರ್‌ಗಳು ಎಷ್ಟು ಜನ?”

“ಉತ್ತರದ ಭಾಗ ಎಲ್ಲಾ ಸೇರಿ, ಆ ಕಡೆ ವಿಸ್ಕಾನ್ಸಿನ್‌ದೂ ಸೇರಿಸಿದ್ರೆ, ನನಗೆ ಗೊತ್ತಿರೋರು ಮೂವತ್ತೊಂದು.”

“ಮೂವತ್ತೊಂದು ಜನ ತಗೊಂಡ ಮಾರನೇ ದಿನ ಯಾರಿಗೆ ಮಾರ್ತೀರಿ? ಫೋನ್‌ಗಳು ವರ್ಷವರ್ಷ ಬದಲಾಗುತ್ತೆ, ನಿಮ್ಮ ಸಾಮಾನೂ ವರ್ಷವರ್ಷ ರಿಪೇರಿ ಮಾಡ್ಬೇಕು. ಆ ಖರ್ಚು ಎಲ್ಲಿಂದ?”

ಟೆಸ್ ಆಗಲೇ ಪೆನ್ಸಿಲ್ ಓಡಿಸುತ್ತಿದ್ದಳು. “ಕಮಿಷನ್! ಒಂದು ಸಲ ಕೂಡಿಸೋಕೆ ನೂರರವತ್ತು. ಹದಿನೆಂಟು ಪರ್ಸೆಂಟ್ ಅಂದ್ರೆ ಹತ್ತಿರ ಹತ್ತಿರ ಇಪ್ಪತ್ತೊಂಬತ್ತು ಡಾಲರ್. ಒಬ್ಬ ಟ್ಯೂನರ್ ತಿಂಗಳಿಗೆ ನಲವತ್ತು ಪಿಯಾನೊ ಮಾಡಿದ್ರೆ, ಅಯ್ಯೋ ದೇವರೇ, ಒಬ್ಬನಿಂದಲೇ ಸಾವಿರದ ನೂರು ಚಿಲ್ಲರೆ!”

“ಸಿಗಲ್ಲ,” ಎಂದಳು ಲೋರ್ನಾ. ಅವಳ ಧ್ವನಿಯಲ್ಲಿ ವಾದವಿರಲಿಲ್ಲ, ಮಳೆ ಬರುತ್ತದೆ ಎಂದು ಹೇಳಿದಂತಿತ್ತು. “ನಾವು ಪಿಯಾನೊ ಕೂಡಿಸಿದ ಮೇಲೆ ಒಳಗಡೆ ಪೆನ್ಸಿಲ್‌ನಲ್ಲಿ ಹೆಸರು, ತಾರೀಖು, ಫೋನ್ ನಂಬರ್ ಬರೀತೀವಿ. ನನಗೆ ಕಲಿಸಿದವರೂ ಬರೀತಿದ್ರು, ಅವರಿಗೆ ಕಲಿಸಿದವರೂ. ಮೊದಲನೇ ಸಲ ಗಿರಾಕಿ ನಮ್ಮ ಮೂಲಕ ಬರಬಹುದು. ಎರಡನೇ ಸಲ ಮುಚ್ಚಳ ಎತ್ತಿ ನೋಡಿ ನೇರ ಟ್ಯೂನರ್‌ಗೇ ಫೋನ್ ಮಾಡ್ತಾರೆ. ನಮಗೆ ಯಾಕೆ ಕಮಿಷನ್ ಕೊಡ್ತಾರೆ?”

ಹಾರ್ಲನ್ ಮೇಜು ತಟ್ಟಿದರು. “ಇದು! ಹುಡುಕಿಕೊಡೋದು ಒಂದೇ ಸಲದ ಉಪಕಾರ, ಅದಕ್ಕೆ ಒಂದೇ ಸಲ ಕಮಿಷನ್. ನೆನಪು ಮಾಡೋದು ಪ್ರತಿ ತಿಂಗಳ ಉಪಕಾರ, ಅದಕ್ಕೆ ಪ್ರತಿ ತಿಂಗಳ ಚಂದಾ. ಒಬ್ಬೊಬ್ಬರಿಗೆ ತಿಂಗಳಿಗೆ ಹೊಸ ಗಿರಾಕಿ ಎಷ್ಟು ಬರ್ತಾರೆ?”

“ಹಳಬರಿಗೆ ಒಂದು. ಬಂದ್ರೆ.”

ಆಗ ಟೆಸ್‌ಳ ಪೆನ್ಸಿಲ್ ನಿಧಾನವಾಯಿತು. ತಿಂಗಳಿಗೆ ಒಬ್ಬನಿಗೆ ಒಂದೇ ಹೊಸ ಗಿರಾಕಿ ಎಂದರೆ ಕಮಿಷನ್ನಿನಿಂದ ಬರುವುದೂ, ಇಪ್ಪತ್ತೊಂಬತ್ತು ಡಾಲರ್ ಚಂದಾದಿಂದ ಬರುವುದೂ ಹೆಚ್ಚುಕಡಿಮೆ ಒಂದೇ: ತಿಂಗಳಿಗೆ ಒಂಬೈನೂರು. ವ್ಯತ್ಯಾಸ ಇಷ್ಟೇ, ಚಂದಾ ಆದರೆ ಬರುತ್ತದೆಂದು ಗೊತ್ತಿರುತ್ತದೆ. ಸಾಲದ ಕಂತು, ಕಂಪ್ಯೂಟರ್ ಬಾಡಿಗೆ ಕಳೆದರೆ ಇಬ್ಬರ ಕೈಗೂ ಮೊದಲ ಎರಡು ವರ್ಷ ಏನೂ ಉಳಿಯುವುದಿಲ್ಲ. ಬೇರೆ ಕಡೆಯವರೂ ಸೇರಿ ಟ್ಯೂನರ್‌ಗಳು ತೊಂಬತ್ತಾದರೆ ಉಳಿಯುತ್ತದೆ, ಅಲ್ಲಿಯವರೆಗೆ ಇಬ್ಬರೂ ಈಗಿನ ಕೆಲಸ ಬಿಡುವಂತಿಲ್ಲ.

“ನಿಧಾನ,” ಎಂದರು ಹಾರ್ಲನ್. “ಆದ್ರೆ ನಿಜ.”

“ಚಂದಾನೇ ಇರ್ಲಿ,” ಎಂದಳು ಟೆಸ್. ಅವತ್ತು ಅವಳು ಮುಖ ತಿರುಗಿಸಿಕೊಂಡು ಹೇಳಿದ್ದು ಲೋರ್ನಾಗೆ ಕಂಡಿತ್ತು, ಆದರೆ ಸುಸ್ತಾಗಿರಬೇಕು ಎಂದುಕೊಂಡಳು.

ಯೋಜನೆಯಲ್ಲಿ ದುಡ್ಡು ಎಲ್ಲಿಂದ ಬರುತ್ತದೆಂದು ಹೇಳುವ ಹನ್ನೊಂದನೇ ಪುಟವನ್ನು ಲೋರ್ನಾ ತನ್ನ ಕೈಯಾರೆ ಬರೆದಳು. ಹೈಸ್ಕೂಲಿನ ನಂತರ ಅಷ್ಟು ಉದ್ದ ಬರೆದದ್ದೇ ಇಲ್ಲ. ಬರೆದು ಹರಿದು, ಮತ್ತೆ ಬರೆದು, ಅಡುಗೆಮನೆಯಲ್ಲಿ ಜೋರಾಗಿ ಓದಿ, ಮತ್ತೆ ಬರೆದಳು. ಅದನ್ನು ಹಿಡಿದುಕೊಂಡು ಟ್ಯೂನರ್‌ಗಳ ಸಭೆಗೆ ಹೋದಳು. ತಿಂಗಳಿಗೊಮ್ಮೆ ಒಂದು ಹೋಟೆಲಿನ ಹಿಂದಿನ ಕೋಣೆಯಲ್ಲಿ ಸೇರಿ ಕಾಡಕ್ಕಿಯ ಸೂಪು ಕುಡಿದು, ಗಿರಾಕಿಗಳನ್ನು ಬೈದುಕೊಳ್ಳುವ ಜನ ಅವರು. ಇಂಥವರಿಂದ ಸಹಿ ತರುವುದೆಂದರೆ ಸುಮ್ಮನೆಯಲ್ಲ. ಅವರಲ್ಲಿ ಹಿರಿಯ ಎಮೆಟ್ ರಾಸ್ಕ್. ಎಂಬತ್ತು ಸಮೀಪಿಸಿದರೂ ದವಡೆ ಗಟ್ಟಿ.

“ನಮ್ಮ ಬೆವರಲ್ಲಿ ಪಾಲು ಕೇಳ್ತೀಯೇನಮ್ಮಾ?” ಎಂದ ಎಮೆಟ್.

“ಒಂದು ಪೈಸೆ ಇಲ್ಲ ಎಮೆಟ್. ತಿಂಗಳಿಗೆ ಇಪ್ಪತ್ತೊಂಬತ್ತು. ನೀವು ಹತ್ತು ಪಿಯಾನೊ ಮಾಡಿ, ನೂರು ಮಾಡಿ, ಅದು ನಿಮ್ದು. ಗಿರಾಕಿನೂ ನಿಮ್ಮವರೇ. ನನ್ನ ಮಾತು.”

“ಆ ಕಂಪ್ಯೂಟರ್ ಏನು ಮಾಡುತ್ತೋ ನನಗೆ ಗೊತ್ತಿಲ್ಲ. ನಿನ್ನ ಮಾತಿಗೆ ಹಾಕ್ತೀನಿ.” ಎಮೆಟ್ ಸಹಿ ಹಾಕಿದ. ಅವನು ಹಾಕಿದ್ದನ್ನು ನೋಡಿ ಉಳಿದವರೂ ಹಾಕಿದರು. ಒಬ್ಬೊಬ್ಬರದೂ ಎರಡು ಹಾಳೆಯ ಪತ್ರ. ಮೊದಲನೆಯದರಲ್ಲಿ ಷರತ್ತು, ಎರಡನೆಯದರಲ್ಲಿ ಸಹಿ. ಮೂವತ್ತೊಂದು ಪತ್ರಗಳನ್ನೂ ಲೋರ್ನಾ ಟೆಸ್‌ಳ ಕೈಗೆ ಕೊಟ್ಟಳು, ಮಗುವನ್ನು ಕೊಡುವಂತೆ ಎರಡೂ ಕೈಯಲ್ಲಿ.

ಮೇ ತಿಂಗಳಲ್ಲಿ ನಿಧಿಯ ಸಮಿತಿ ಕರೆಯಿತು. ಹಿಂದೆ ಶಾಲೆಯಾಗಿದ್ದ ಕಟ್ಟಡ, ಹಿಂದೆ ಸಂಗೀತದ ಕೋಣೆಯಾಗಿದ್ದ ಕೋಣೆ. ಹಳೆಯ ಪಿಯಾನೊ ಒಂದು ಯಾರೂ ಎತ್ತಿಕೊಂಡು ಹೋಗಲಾರದೆ ಇನ್ನೂ ಮೂಲೆಯಲ್ಲಿ ನಿಂತಿತ್ತು. ಸಮಿತಿಯಲ್ಲಿ ಮೂವರು, ನಡುವೆ ಅಧ್ಯಕ್ಷೆ ಇನೆಜ್ ಕ್ವಿಸ್ಟ್. ಗೋಡೆಯ ಪಕ್ಕ ಹಾರ್ಲನ್. ಟೆಸ್ ಹೊಸ ನೀಲಿ ಕೋಟು ಹಾಕಿಕೊಂಡು, ಎಲ್ಲರ ಮುಂದೆಯೂ ಸುರುಳಿ ತಂತಿ ಕಟ್ಟಿದ ಪ್ರತಿ ಇಟ್ಟಳು. ಲೋರ್ನಾಗೂ ಒಂದು. ಅವಳು ಪೂರ್ತಿ ಅಚ್ಚಾದ ಪ್ರತಿ ನೋಡುತ್ತಿದ್ದದ್ದು ಅದೇ ಮೊದಲು.

ಯಾರು ತಾನೆ ಮೊದಲು ತಾವು ಬರೆದ ಪುಟ ಹುಡುಕುವುದಿಲ್ಲ! ಟೆಸ್ ಎದ್ದು ನಿಂತು ಮಾತು ಶುರುಮಾಡಿದಾಗ ಲೋರ್ನಾ ಖುಷಿಯಿಂದ ಹನ್ನೊಂದನೇ ಪುಟ ತಿರುವಿದಳು.

‘ಆದಾಯದ ಮೂಲ: ಪ್ರತಿ ಕೆಲಸದ ಮೇಲೆ ಶೇಕಡ ಹದಿನೆಂಟು ಕಮಿಷನ್.’

ತಪ್ಪು ಪುಟ ಎಂದುಕೊಂಡಳು. ಹಿಂದಕ್ಕೆ ತಿರುವಿದಳು, ಮುಂದಕ್ಕೆ ತಿರುವಿದಳು. ಅವಳ ಒಂದು ಸಾಲೂ ಇಲ್ಲ. ಕೆಳಗೆ ಕೋಷ್ಟಕ: ಮೂವತ್ತೊಂದು ಟ್ಯೂನರ್‌ಗಳು, ತಿಂಗಳಿಗೆ ನಲವತ್ತು ಪಿಯಾನೊ, ಎಲ್ಲವೂ ತಮ್ಮ ಮೂಲಕವೇ, ಪ್ರತಿ ಸಲವೂ. ತಿಂಗಳಿಗೆ ಮೂವತ್ತೈದು ಸಾವಿರ ದಾಟಿದ ಮೊತ್ತ. ಕೊನೆಗೆ ಲಗತ್ತಿಸಿದ ಪತ್ರಗಳಿಗೆ ಹೋದಳು. ಎಮೆಟ್‌ನ ಸಹಿ ಇತ್ತು. ಸಹಿಯ ಹಾಳೆ ಮಾತ್ರ ಇತ್ತು. ಮೊದಲ ಹಾಳೆ ಇರಲಿಲ್ಲ. ಮೂವತ್ತೊಂದರಲ್ಲಿ ಒಂದಕ್ಕೂ ಇರಲಿಲ್ಲ.

ಕೈತಪ್ಪಿ ಒಂದು ಹಾಳೆ ಬಿದ್ದುಹೋಗಬಹುದು. ಮೂವತ್ತೊಂದು ಬೀಳುವುದಿಲ್ಲ.

ಅಷ್ಟರಲ್ಲಿ ಇನೆಜ್ ಕ್ವಿಸ್ಟ್ ಕನ್ನಡಕದ ಮೇಲಿಂದ ಲೋರ್ನಾಳನ್ನು ನೋಡಿ, ಮೃದುವಾಗಿ, ಪಾಪ ಒಳ್ಳೆಯ ಮನಸ್ಸಿನಿಂದಲೇ ಅಂದರು: “ಮಿಸ್ ಕಿವೆಲಾ, ನಿಮ್ಮ ಕಿವಿ ವಿಷಯ ಓದಿ ತುಂಬಾ ಬೇಜಾರಾಯ್ತು. ನಮ್ಮ ಚರ್ಚಿನ ಪಿಯಾನೊ ನೀವೇ ಅಲ್ವಾ ಮಾಡೋದು?”

ಲೋರ್ನಾ ಪುಟಗಳನ್ನು ಹಿಂದಕ್ಕೆ ತಿರುವಿದಳು. ನಾಲ್ಕನೇ ಪುಟ. ‘ನಮ್ಮ ತಂಡ’. ‘ಶ್ರವಣದೋಷದಿಂದಾಗಿ ಲೋರ್ನಾ ಕಿವೆಲಾ ಶ್ರುತಿ ಕೆಲಸದಿಂದ ನಿವೃತ್ತರಾಗಲಿದ್ದು, ಪೂರ್ಣಾವಧಿ ಲಭ್ಯರಿರುತ್ತಾರೆ.’ ಕಾರಿನಲ್ಲಿ ಕೂತು ಹೇಳಿದ ಮಾತು, ಅಚ್ಚಾಗಿ, ಸುರುಳಿ ತಂತಿ ಕಟ್ಟಿಸಿಕೊಂಡು ಮೂವರ ಮೇಜಿನ ಮೇಲೆ ಬಿದ್ದಿತ್ತು. ಅವಳು ಟೆಸ್‌ಳ ಕಡೆ ನೋಡಿದಳು. ಟೆಸ್ ಗೋಡೆಯ ಗಡಿಯಾರ ನೋಡುತ್ತಿದ್ದಳು.

“ಲೆಕ್ಕ ಚೆನ್ನಾಗಿ ಕಾಣುತ್ತೆ,” ಎಂದರು ಇನೆಜ್. “ಒಂದೇ ಅನುಮಾನ. ಎರಡನೇ ಸಲ ಗಿರಾಕಿ ನಿಮ್ಮನ್ನ ಬಿಟ್ಟು ನೇರ ಟ್ಯೂನರ್‌ಗೇ ಫೋನ್ ಮಾಡಿದ್ರೆ ನಿಮ್ಮ ಕಮಿಷನ್ ಎಲ್ಲಿ ಹೋಗುತ್ತೆ?”

“ಅದಕ್ಕೆ ವ್ಯವಸ್ಥೆ ಮಾಡಿದೀವಿ, ಮೇಡಂ,” ಎಂದಳು ಟೆಸ್ ಒಂದೇ ಉಸಿರಿಗೆ. “ಟ್ಯೂನರ್‌ಗಳ ಜೊತೆ ಒಪ್ಪಂದ. ಅವರು ಗಿರಾಕಿಗೆ ಕಾರ್ಡ್ ಕೊಡೋ ಹಾಗಿಲ್ಲ, ನಂಬರ್ ಕೊಡೋ ಹಾಗಿಲ್ಲ, ಪಿಯಾನೊ ಒಳಗೆ ಹೆಸರು ಬರೆಯೋ ಹಾಗಿಲ್ಲ. ಹಳೇ ಬರಹ ಇದ್ರೆ ಉಜ್ಜಿ ತೆಗೀಬೇಕು.”

ಉಜ್ಜಿ ತೆಗೆಯಬೇಕು!

ಲೋರ್ನಾ ಎದ್ದಳು. ಏನು ಹೇಳಬೇಕೆಂದು ಗೊತ್ತಿಲ್ಲದೇ ಎದ್ದಳು. ಸುಮ್ಮನಿದ್ದರೆ ಸಾಲ ಬರುತ್ತದೆ, ಕಿವಿ ಹೋದ ಮೇಲೂ ಅವಳಿಗೊಂದು ಜಾಗ ಉಳಿಯುತ್ತದೆ. ಮಾತಾಡಿದರೆ ಎರಡೂ ಇಲ್ಲ. ಕಾಲು ಮಾತ್ರ ತನಗೆ ಗೊತ್ತಿದ್ದ ಕಡೆಗೆ ನಡೆಯಿತು, ಮೂಲೆಯ ಪಿಯಾನೊದ ಹತ್ತಿರ. ಮೇಲಿನ ಮುಚ್ಚಳ ಎತ್ತಿದಳು.

“ಬಂದು ನೋಡಿ ಮೇಡಂ. ಸಾವಿರದ ಒಂಬೈನೂರ ಮೂವತ್ತೆಂಟು. ಐವತ್ತೆರಡು. ಅರವತ್ತು, ಅರವತ್ತೊಂದು. ಇದು ಎಮೆಟ್ ರಾಸ್ಕ್, ಅವನ ಅಕ್ಷರ ಆಗಲೂ ಕೋಳಿ ಕೆದರಿದ ಹಾಗೇ ಇತ್ತು. ಇದು ನಾನು. ಯಾವ ಟ್ಯೂನರೂ ಇದನ್ನ ಬಿಡಲ್ಲ. ಮುಂದಿನವನಿಗೆ ಈ ಪಿಯಾನೊ ಏನೇನು ಕಂಡಿದೆ ಅಂತ ತಿಳಿಯೋದೇ ಇದರಿಂದ. ನಿಮ್ಮ ಪ್ರಶ್ನೆ ಸರಿಯಾಗಿದೆ. ಎರಡನೇ ಸಲ ಕಮಿಷನ್ ಬರಲ್ಲ. ಹನ್ನೊಂದನೇ ಪುಟದ ಲೆಕ್ಕ ಸುಳ್ಳು.”

“ಲೋರ್ನಾ!” ಟೆಸ್ ಹಲ್ಲು ಕಚ್ಚಿ ಅಂದಳು. “ಕೂತ್ಕೊ.”

“ಆ ಮೂವತ್ತೊಂದು ಸಹಿನೂ ಇದಕ್ಕೆ ಹಾಕಿದ್ದಲ್ಲ. ಚಂದಾಗೆ ಹಾಕಿದ್ದು. ಮೊದಲನೇ ಹಾಳೆ ಯಾರೋ ಕಿತ್ತಿದಾರೆ. ಅವರ ಹೆಸರುಗಳನ್ನ ವಾಪಸ್ ಕೊಡಿ.”

ಹಾರ್ಲನ್ ಕಣ್ಣು ಮುಚ್ಚಿಕೊಂಡರು. ಇನೆಜ್ ಕ್ವಿಸ್ಟ್ ತಮ್ಮ ಪ್ರತಿಯನ್ನು ಮುಚ್ಚಿ, ಮೇಜಿನ ಅಂಚಿಗೆ ತಳ್ಳಿ, “ಈ ಅರ್ಜಿ ನಾವು ಮುಂದಕ್ಕೆ ತಗೊಳ್ಳಕ್ಕಾಗಲ್ಲ,” ಎಂದರು. ಅಷ್ಟೇ. ಹತ್ತು ಶನಿವಾರ, ಹತ್ತು ನಿಮಿಷದಲ್ಲಿ ಮುಗಿಯಿತು.

ಕಾರು ನಿಲ್ಲಿಸುವ ಜಾಗದಲ್ಲಿ ಸರೋವರದ ಗಾಳಿ ಮೇ ತಿಂಗಳಲ್ಲೂ ಕೆನ್ನೆಗೆ ಹೊಡೆಯುತ್ತಿತ್ತು. ಟೆಸ್ ತಿರುಗಿ ನಿಂತಳು.

“ಖುಷಿನಾ ಈಗ? ದೊಡ್ಡ ಸತ್ಯವಂತೆ!”

“ನನಗೆ ಒಂದು ಮಾತು ಹೇಳಬಹುದಿತ್ತಲ್ಲೇ ಟೆಸ್.”

“ಹೇಳಿದ್ರೆ ಒಪ್ತಿದ್ಯಾ? ನಿನಗೇನು, ವ್ಯಾನ್ ಇದೆ, ಗಿರಾಕಿ ಇದಾರೆ. ನಾನು ಮಾರ್ಚ್‌ನಲ್ಲೇ ಆಸ್ಪತ್ರೆ ಕೆಲಸ ಬಿಟ್ಟೆ.”

“ಬಿಟ್ಯಾ? ಎರಡು ವರ್ಷ ಯಾರೂ ಬಿಡೋ ಹಾಗಿಲ್ಲ ಅಂತ ಮಾತಾಗಿತ್ತಲ್ಲ!”

“ತಿಂಗಳಿಗೆ ಒಂಬೈನೂರು ಡಾಲರ್ ಇಟ್ಕೊಂಡು ನಾನು ಮುದುಕಿ ಆಗೋವರೆಗೂ ಕಾಯ್ಲಾ? ಚಂದಾ ಅಂತೆ, ಚಂದಾ! ಕಮಿಷನ್ ಅಂತ ಬರೆದ್ರೆ ಸಾಲ ಕೊಡ್ತಾರೆ, ಕೊಟ್ಟ ಮೇಲೆ ಚಂದಾಗೆ ಬದಲಾಯಿಸಿದ್ರೆ ಯಾರು ಬಂದು ನೋಡ್ತಾರೆ ಅಂದ್ಕೊಂಡೆ.”

“ಸಮಿತಿಗೆ ಒಂದು ಸುಳ್ಳು, ಟ್ಯೂನರ್‌ಗಳಿಗೆ ಒಂದು ಸುಳ್ಳು.” ಲೋರ್ನಾ ವ್ಯಾನಿನ ಬಾಗಿಲು ಹಿಡಿದುಕೊಂಡಳು. “ಅದೆಲ್ಲಾ ಹಾಳಾಗ್ಲಿ. ಕಿವಿ ವಿಷಯ ಯಾಕೆ ಬರೆದೆ?”

ಟೆಸ್ ನೀಲಿ ಕೋಟಿನ ಗುಂಡಿ ತಿರುಗಿಸಿದಳು. “ಪೂರ್ತಿ ಸಮಯ ಕೊಡೋರು ಇರ್ಬೇಕು ಅಂತ ಫಾರಂನಲ್ಲಿ ಕೇಳಿದ್ರು,” ಎಂದಳು. ಎಂಥ ಉತ್ತರ! ಇಪ್ಪತ್ತು ವರ್ಷ ಒಂದೇ ಪುಸ್ತಕ ಹಿಡಿದು ಹಾಡಿದವಳು ತನ್ನ ಕಾರಿನ ಬೀಗದಕೈ ಹುಡುಕುತ್ತಾ ಹೊರಟುಹೋದಳು.

ಮನೆಗೆ ಬಂದು ಕೋಟು ಕೂಡ ಬಿಚ್ಚದೇ ಲೋರ್ನಾ ಎಮೆಟ್‌ಗೆ ಫೋನು ಮಾಡಿದಳು. ಇನ್ನೊಬ್ಬರ ಬಾಯಿಂದ ಹೋಗುವ ಮುಂಚೆ ತಾನೇ ಹೇಳಬೇಕಿತ್ತು. ಎಲ್ಲವನ್ನೂ ಹೇಳಿದಳು, ಪುಟ, ಹಾಳೆ, ಸಹಿ.

“ಕಮಿಷನ್ ವಿಷಯ ನನಗೆ ಏಪ್ರಿಲ್‌ನಲ್ಲೇ ಗೊತ್ತಾಯ್ತಲ್ಲಮ್ಮಾ,” ಎಂದ ಎಮೆಟ್.

“ಏನು?”

“ನಿನ್ನ ಗೆಳತಿ ಮನೆಗೆ ಬಂದಿದ್ಲು. ಹೊಸ ಕಾಗದ ತಂದಿದ್ಲು. ಹದಿನೆಂಟು ಪರ್ಸೆಂಟ್, ಒಳಗೆ ಹೆಸರು ಬರೆಯೋ ಹಾಗಿಲ್ಲ ಅಂತ. ಲೋರ್ನಾ ಒಪ್ಪಿದಾಳಾ ಅಂತ ಕೇಳ್ದೆ. ಅವಳೇ ಕಳಿಸಿದ್ದು, ಕಿವಿ ಹೋಗಿದೆ, ಅವಳಿಗೆ ದುಡ್ಡಿನ ಅವಸರ ಅಂದ್ಲು. ನಾನು ಸಹಿ ಹಾಕ್ಲಿಲ್ಲ. ಬಾಗಿಲು ಹಾಕ್ಕೊಂಡೆ.”

“ಎಮೆಟ್, ನೀನು ನನ್ನ ಕೇಳ್ಬೇಕಿತ್ತಲ್ಲ! ಒಂದು ಫೋನು!”

“ಏನಂತ ಕೇಳ್ಲಿ? ಮಾತು ತಪ್ಪಿದ್ಯಾ ಅಂತಾನಾ? ನಲವತ್ತು ವರ್ಷ ನೋಡಿದೀನಿ ನಿನ್ನ. ನಾಚಿಕೆ ಆಯ್ತು. ಸುಮ್ನಿದ್ದೆ. ಉಳಿದವರ ಮನೆಗೂ ಹೋಗಿದ್ಲು, ಯಾರೂ ಸಹಿ ಹಾಕ್ಲಿಲ್ಲ, ಎಲ್ಲಾರೂ ಸುಮ್ನಿದ್ರು. ಆಮೇಲೆ ಸಭೇಲಿ ನೀನು ಬಂದ್ರೆ ಮಾತು ನಿಲ್ತಿತ್ತು, ನೋಡ್ಲಿಲ್ವಾ?”

ನೋಡಿದ್ದಳು. ತನ್ನ ಕಿವಿಯದೇ ತಪ್ಪು ಎಂದುಕೊಂಡಿದ್ದಳು.

“ಈಗ ಗೊತ್ತಾಯ್ತಲ್ಲ, ನಾನಲ್ಲ ಅಂತ. ಚಂದಾ ಲೆಕ್ಕ ಸರಿಯಾಗಿದೆ ಎಮೆಟ್. ಹಾರ್ಲನ್ ಹಾಗೇ ಹೇಳ್ತಾರೆ. ನಾನೊಬ್ಬಳೇ ಮತ್ತೆ ಬರೀತೀನಿ. ಮತ್ತೆ ಸಹಿ ಹಾಕ್ತೀಯಾ?”

“ನಂಬ್ತೀನಿ ಕಣಮ್ಮಾ. ಆದ್ರೆ ಕಾಗದಕ್ಕೆ ಸಹಿ ಹಾಕೋದು ಇನ್ನು ಆಗಲ್ಲ. ಒಂದು ಸಲ ನನ್ನ ಹೆಸರು ನಾನು ಹಾಕ್ದೇ ಇರೋ ಕಡೆ ಹೋಗಿ ಕೂತಿತ್ತು.” ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಲೋರ್ನಾ ಜಗಳವಾದರೂ ಆಡುತ್ತಿದ್ದಳು. “ಉಳಿದವರಿಗೂ ನೀನೇ ಹೇಳು. ನಾನು ಹೇಳಿದ್ರೆ ಚೆನ್ನಾಗಿರಲ್ಲ.”

ಫೋನಿಟ್ಟು ಅವಳು ಮೂವತ್ತು ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದಳು. ಮೊದಲನೆಯದು ಕ್ಲೋಕೆ ಊರಿನ ವೆರ್ನಾ ಹಾಲ್ಬರ್ಗ್. ಒಂದು ಚಳಿಗಾಲ ಲೋರ್ನಾ ಬಿದ್ದು ಮಣಿಕಟ್ಟು ಮುರಿದುಕೊಂಡಾಗ ಅವಳ ಗಿರಾಕಿಗಳನ್ನೆಲ್ಲ ನೋಡಿಕೊಂಡು, ಬಂದ ದುಡ್ಡನ್ನು ಪೂರ್ತಿ ಲಕೋಟೆಯಲ್ಲಿ ಹಾಕಿ ತಂದುಕೊಟ್ಟವಳು. ಮೂರು ಸಲ ಗಂಟೆ ಹೊಡೆಯಿತು. ನಾಲ್ಕನೆಯದಕ್ಕೆ ಎತ್ತಿದಳು.

“ವೆರ್ನಾ, ನಾನು ಲೋರ್ನಾ.”

“ಗೊತ್ತಾಯ್ತು,” ಎಂದಳು ವೆರ್ನಾ. “ಹೇಳು, ಈಗ ಎಷ್ಟು ಪರ್ಸೆಂಟು?”